ಮೂರು ರಾಡು, ಒಂದು ಪ್ಲೇಟು: ಯಾರ ಪಾಲಿಗೆ ಎಷ್ಟು ಭಾರ?

ಛಾವಣಿಯಿಂದ ಒಂದೇ ಉದ್ದದ ಮೂರು ರಾಡುಗಳು ಸಮ ಅಂತರದಲ್ಲಿ ಇಳಿಬಿದ್ದಿವೆ ಅಂದುಕೊಳ್ಳೋಣ. ನಡುವಿನದು ಉಕ್ಕು, ಎಡಬಲದ ಎರಡೂ ತಾಮ್ರ. ಮೂರರ ಕೆಳತುದಿಗೂ ಸೇರಿದಂತೆ ಒಂದು ಪ್ಲೇಟನ್ನು ಅಡ್ಡಲಾಗಿ ಜೋಡಿಸಿದ್ದೇವೆ. ಅದು ರಿಜಿಡ್, ಅಂದರೆ ಎಷ್ಟೇ ಭಾರ ಬಿದ್ದರೂ ಬಾಗೋದಿಲ್ಲ. ಪ್ಲೇಟಿನ ಸರಿಯಾಗಿ ನಡುವೆ 36 ಕಿಲೋನ್ಯೂಟನ್ ಭಾರ ತೂಗುಹಾಕಿದ್ದೇವೆ. ರಾಡು ಮತ್ತು ಪ್ಲೇಟಿನ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿಯೋದು ಬೇಡ.

ಪ್ರತಿ ರಾಡಿನ ಉದ್ದ 1000 ಮಿಮೀ, ಅಡ್ಡಕೊಯ್ತದ ವಿಸ್ತೀರ್ಣ 300 ಚದರ ಮಿಮೀ. ಯಂಗ್ಸ್ ಮಾಡ್ಯುಲಸ್ ಉಕ್ಕಿಗೆ 200, ತಾಮ್ರಕ್ಕೆ 100 ಗಿಗಾಪಾಸ್ಕಲ್. ಲೆಕ್ಕ ಸಲೀಸಾಗಲಿ ಅಂತ ತಾಮ್ರದ ಅಂಕಿಗಳನ್ನು ಸ್ವಲ್ಪ ದುಂಡಾಗಿ ಇಟ್ಟುಕೊಂಡಿದ್ದೇವೆ.

ಸಮತೋಲನದಿಂದ ಶುರು ಮಾಡೋಣ. ಎರಡೂ ಬದಿ ಒಂದೇ ಥರ ಇರೋದರಿಂದ ಎರಡು ತಾಮ್ರದ ರಾಡುಗಳ ಬಲ ಸಮ.

```
Ps + 2Pc = 36 kN
```

ಸಮೀಕರಣ ಒಂದು, ಗೊತ್ತಿಲ್ಲದ್ದು ಎರಡು. ಮೊಮೆಂಟ್ ತೆಗೆದುಕೊಂಡರೂ ಎರಡು ತಾಮ್ರಗಳ ಬಲ ಸಮ ಅನ್ನೋ ಹಳೇ ಮಾತೇ ಮತ್ತೆ ಬರುತ್ತದೆ. ಇಲ್ಲಿ ಕೈ ಸುಮ್ಮನೆ ಮೂರರಿಂದ ಭಾಗಿಸೋಕೆ ಹೋಗುತ್ತೆ: ತಲಾ 12 ಕಿಲೋನ್ಯೂಟನ್. ಹಾಗಾದರೆ ಉಕ್ಕು 0.2 ಮಿಮೀ ಹಿಗ್ಗಬೇಕು, ತಾಮ್ರ 0.4 ಮಿಮೀ. ಆಗ ಪ್ಲೇಟಿನ ನಡುಭಾಗ ಮೇಲೆ, ಎರಡು ತುದಿ ಕೆಳಗೆ. ಬಾಗಲ್ಲ ಅಂದ ಪ್ಲೇಟೇ ಬಾಗಿಹೋಯಿತು! ಸಮತೋಲನ ಸರಿಯಿದ್ದರೂ ಉತ್ತರ ತಪ್ಪು ಅಂತ ಇದರಿಂದಲೇ ಗೊತ್ತಾಗುತ್ತೆ.

ಬೇಕಾದ ಎರಡನೇ ಸಮೀಕರಣವನ್ನು ಪ್ಲೇಟೇ ಕೊಡುತ್ತದೆ. ಅದು ಅಡ್ಡಲಾಗಿಯೇ ಕೆಳಗಿಳಿಯೋದರಿಂದ ಮೂರೂ ರಾಡುಗಳ ಹಿಗ್ಗುವಿಕೆ ಒಂದೇ. ಒಂದು ರಾಡನ್ನು 1 ಮಿಮೀ ಹಿಗ್ಗಿಸಲು ಬೇಕಾದ ಬಲವೇ ಅದರ ಸ್ಟಿಫ್‌ನೆಸ್, ಅಂದರೆ AE/L. ಉಕ್ಕಿಗೆ ಅದು 60 ಕಿಲೋನ್ಯೂಟನ್, ಪ್ರತಿ ತಾಮ್ರಕ್ಕೆ 30.

```
δ  = 36/(60 + 30 + 30) = 0.3 mm
Ps = 60 × 0.3 = 18 kN
Pc = 30 × 0.3 = 9 kN
```

ಸ್ಟ್ರೆಸ್ ಉಕ್ಕಿನಲ್ಲಿ 60, ತಾಮ್ರದಲ್ಲಿ 30 ಮೆಗಾಪಾಸ್ಕಲ್. ಸಮಪಾಲು ಅಂದುಕೊಂಡಿದ್ದರೆ ಉಕ್ಕಿಗೆ 40 ಅಂತ ಬರೆದು ಸುಮ್ಮನಾಗುತ್ತಿದ್ದೆವು. ನಿಜವಾದದ್ದು ಅದರ ಒಂದೂವರೆ ಪಟ್ಟು. ಯಾರು ಹಿಗ್ಗೋಕೆ ಹೆಚ್ಚು ಹಟ ಮಾಡುತ್ತಾರೋ ಅವರ ತಲೆಗೇ ಹೆಚ್ಚು ಭಾರ. ಒಂದು ಎಚ್ಚರಿಕೆ: ಸಮವಾಗಿರೋದು ಹಿಗ್ಗುವಿಕೆ, ಸ್ಟ್ರೇನ್ ಅಲ್ಲ. ಇಲ್ಲಿ ಉದ್ದ ಒಂದೇ ಆದ್ದರಿಂದ ಎರಡೂ ಒಂದೇ ಆಗಿವೆ. ಉದ್ದ ಬೇರೆಬೇರೆ ಇದ್ದಾಗ ಸ್ಟ್ರೇನ್‌ಗಳನ್ನು ಸಮ ಮಾಡಿದರೆ ಲೆಕ್ಕ ಕೆಡುತ್ತೆ.

ಈಗ ಭಾರ ಹಾಗೇ ಇರಲಿ, ಮೂರೂ ರಾಡುಗಳ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಏರಲಿ. ಪ್ರತಿ ಡಿಗ್ರಿಗೆ ವಿಸ್ತರಣೆಯ ಗುಣಾಂಕ ಉಕ್ಕಿಗೆ 12×10⁻⁶, ತಾಮ್ರಕ್ಕೆ 18×10⁻⁶ ಎಂದಿಟ್ಟುಕೊಂಡರೆ, ತಡೆಯಿಲ್ಲದೆ ಬಿಟ್ಟಾಗ ಉಕ್ಕು 0.6 ಮಿಮೀ, ತಾಮ್ರ 0.9 ಮಿಮೀ ಬೆಳೆಯುತ್ತವೆ. ಈ ಬೆಳವಣಿಗೆಗೆ ಬಲ ಬೇಕಿಲ್ಲ. ಪ್ಲೇಟು ಇಳಿದ ಒಟ್ಟು ದೂರದಲ್ಲಿ ಇದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬಲ.

```
60(δ − 0.6) + 2×30(δ − 0.9) = 36
δ  = 1.05 mm
Ps = 60 × 0.45 = 27 kN
Pc = 30 × 0.15 = 4.5 kN
```

ಕೂಡಿಸಿ ನೋಡಿ: 27 + 4.5 + 4.5 = 36. ಹೊರಗಿನ ಭಾರ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಆದರೂ ಉಕ್ಕಿನ ಸ್ಟ್ರೆಸ್ 60ರಿಂದ 90 ಮೆಗಾಪಾಸ್ಕಲ್‌ಗೆ ಏರಿದೆ, ತಾಮ್ರದ್ದು 15ಕ್ಕೆ ಇಳಿದಿದೆ. ಕಾಯ್ದ ತಾಮ್ರ ಜಾಸ್ತಿ ಬೆಳೆದು, ತನ್ನ ಹೊರೆಯನ್ನು ಮೆಲ್ಲಗೆ ಉಕ್ಕಿನ ಮೇಲೆ ಜಾರಿಸಿತು.

ಉಷ್ಣತೆ ಇನ್ನೂ ಏರಿದರೆ? ಸರಿಯಾಗಿ 100 ಡಿಗ್ರಿ ಏರಿದಾಗ ಎರಡೂ ಲೋಹಗಳ ಬೆಳವಣಿಗೆಯ ವ್ಯತ್ಯಾಸ 0.6 ಮಿಮೀ ಆಗುತ್ತೆ. ಉಕ್ಕನ್ನು ಅಷ್ಟು ಹಿಗ್ಗಿಸಲು 36 ಕಿಲೋನ್ಯೂಟನ್ ಬೇಕು, ಅಂದರೆ ಪೂರ್ತಿ ಭಾರ ಉಕ್ಕಿನ ಮೇಲೇ. ತಾಮ್ರದ ಬಲ ಸೊನ್ನೆ. ಅದಕ್ಕೂ ಮುಂದೆ ಹೋದರೆ ಸಮೀಕರಣದಲ್ಲಿ Pc ಮೈನಸ್ ಬರುತ್ತದೆ. ಆ ಮೈನಸ್ ಕಂಡಾಗ ಉತ್ತರಕ್ಕೆ ಗೆರೆ ಎಳೆಯುವ ಮುಂಚೆ ಚಿತ್ರದಲ್ಲಿ ಜೋಡಣೆ ಹೇಗಿದೆ ನೋಡಬೇಕು.

ರಾಡಿನ ತುದಿ ಪ್ಲೇಟಿಗೆ ವೆಲ್ಡ್ ಆಗಿದ್ದರೆ ತಾಮ್ರ ಪ್ಲೇಟನ್ನು ಕೆಳಕ್ಕೆ ತಳ್ಳುತ್ತದೆ. ಉಕ್ಕು 36ಕ್ಕಿಂತಲೂ ಹೆಚ್ಚು ಹೊರುತ್ತದೆ, ತಾಮ್ರದ ರಾಡು ಬಕಲ್ ಆಗುತ್ತದೆಯೇ ಅಂತಲೂ ಪರೀಕ್ಷಿಸಬೇಕು. ರಾಡು ಪ್ಲೇಟಿನ ತೂತಿನಲ್ಲಿ ಸಡಿಲವಾಗಿ ಹಾದು, ಕೆಳಗಿನ ನಟ್ ಒಂದೇ ಪ್ಲೇಟನ್ನು ಹಿಡಿದಿದ್ದರೆ ಕಥೆ ಬೇರೆ. ನಟ್ ಎಳೆಯಬಲ್ಲದೇ ಹೊರತು ತಳ್ಳಲಾರದು. ತಾಮ್ರ ಸಡಿಲಗೊಂಡು ನಟ್ಟಿಗೂ ಪ್ಲೇಟಿಗೂ ನಡುವೆ ಸಂದು ಬೀಳುತ್ತದೆ, ಹಿಗ್ಗುವಿಕೆಯ ಸಮೀಕರಣ ಅಲ್ಲಿಗೇ ರದ್ದು. ಆಮೇಲೆ ಉಕ್ಕಿನ ಬಲ 36ರಲ್ಲೇ, ಸ್ಟ್ರೆಸ್ 120 ಮೆಗಾಪಾಸ್ಕಲ್‌ನಲ್ಲೇ ನಿಲ್ಲುತ್ತದೆ, ಎಷ್ಟೇ ಕಾಯಿಸಿದರೂ ಸರಿ.