ನೈಂಟಿ ಮತ್ತು ಮಾತ್ರೆ

ಮಗಾ, ಸ್ಟೆಂಟ್ ಹಾಕಿಸಿಕೊಂಡು ಅರಕಲಗೂಡಿಗೆ ಬಂದ ಮೇಲೆ "ದಿನಾ ಒಂದು ನೈಂಟಿ ಹಾಕಿದರೆ ಏನಾಗುತ್ತೆ ದೊಡ್ಡಪ್ಪ?" ಅಂತ ಕೇಳಿದ್ದೀಯ. ಔಷಧಿ ಅಂಗಡಿಯಲ್ಲೇ ಕೂತು ವಯಸ್ಸಾದವನು ನಾನು. ಸುತ್ತಿ ಬಳಸದೆ ಹೇಳ್ತೀನಿ.

ನಮ್ಮ ಬ್ರಾಂದಿ, ವಿಸ್ಕಿಯಲ್ಲಿ ನೂರಕ್ಕೆ ಸುಮಾರು 43 ಪಾಲು ಆಲ್ಕೋಹಾಲು. ಒಂದು ನೈಂಟಿಯಲ್ಲಿ 30 ಗ್ರಾಂ, ವಾರಕ್ಕೆ 210 ಗ್ರಾಂ. ವಾರಕ್ಕೆ 100 ಗ್ರಾಂ ದಾಟಬಾರದು ಅನ್ನೋದು ಯುರೋಪಿನ ಹೃದ್ರೋಗ ತಜ್ಞರ 2021ರ ಮಾರ್ಗಸೂಚಿ. ಅದು ಗಡಿ, ಅಪ್ಪಣೆ ಅಲ್ಲ. ಎಷ್ಟೇ ಕಡಿಮೆ ಕುಡಿದರೂ ಪೂರ್ತಿ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಹೃದಯದ ಡಾಕ್ಟರು ಸಾಮಾನ್ಯವಾಗಿ ಮೊದಲು ಪೂರ್ತಿ ಬಿಡಿ ಅಂತಾರೆ. ಎಕೋದಲ್ಲಿ ಪಂಪಿಂಗ್ ಕಡಿಮೆ ಬಂದಿದ್ದರೆ, ಬಡಿತ ಏರುಪೇರಾಗುತ್ತಿದ್ದರೆ, ಬಿಪಿ ಹಿಡಿತಕ್ಕೆ ಬಾರದಿದ್ದರೆ ಮುಂದೆಯೂ ಬೇಡ. ಮೆದುಳಲ್ಲಿ ರಕ್ತ ಸೋರಿ ಲಕ್ವ ಹೊಡೆದವರಿಗೂ ಇದೇ ಮಾತು, ಕುಡಿತ ಬಿಪಿ ಏರಿಸುತ್ತೆ. ಉಳಿದವರ ವಿಚಾರ ಅವರ ರಿಪೋರ್ಟು ನೋಡಿದ ಡಾಕ್ಟರೇ ಹೇಳಬೇಕು. ಕುಡಿಯದವರು ಹೃದಯಕ್ಕೆ ಒಳ್ಳೇದು ಅಂತ ಶುರು ಮಾಡಲೇಬಾರದು.

ನಿನ್ನ ಚೀಟಿಯಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಇವೆ. ಇವು ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಇವುಗಳ ಜೊತೆ ಕುಡಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಅಪಾಯ ಹೆಚ್ಚು. ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಕಕ್ಕಸು ಆದರೆ ಅದೇ ದಿನ ಆಸ್ಪತ್ರೆಗೆ ಹೋಗು. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮದ್ಯದ ಜೊತೆ ಸೇರಿದರೆ ಬಿಪಿ ಕುಸಿದು ತಲೆ ತಿರುಗಿ ಬೀಳಬಹುದು.

ನನಗೆ ಇದಕ್ಕಿಂತ ಭಯ ಇನ್ನೊಂದರದ್ದು. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಎಷ್ಟೋ ಜನ "ಇವತ್ತು ಕುಡಿದಿದ್ದೀನಿ, ಮಾತ್ರೆ ಬೇಡ" ಅಂತ ಬಿಟ್ಟುಬಿಡ್ತಾರೆ. ಹೀಗೆ ಮತ್ತೆ ಮತ್ತೆ ತಪ್ಪಿದರೆ, ಅದೂ ಮೊದಲ ತಿಂಗಳುಗಳಲ್ಲಿ, ಸ್ಟೆಂಟ್ ಏಕಾಏಕಿ ಕಟ್ಟಿಕೊಳ್ಳಬಹುದು. ಅದು ಮತ್ತೊಂದು ಅಟ್ಯಾಕೇ. ಮದ್ಯ ತಪ್ಪಿಸು, ಮಾತ್ರೆ ತಪ್ಪಿಸಬೇಡ.

2025ರಲ್ಲಿ ನಮ್ಮ ಹಾಸನದಲ್ಲಿ ಹೃದಯಾಘಾತದಿಂದ ಅಂತ ಸುದ್ದಿಯಾದ ಸಾಲು ಸಾವುಗಳನ್ನು ಪರಿಶೀಲಿಸಿದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿಯೂ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟಿನ ಜೊತೆ ಕುಡಿತವನ್ನೂ ಅಪಾಯದ ಕಾರಣ ಅಂತ ಹೆಸರಿಸಿತ್ತು.

ಇನ್ನೊಂದು ಮಾತು ಮಗಾ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರುತ್ತೆ. ಹೃದಯಕ್ಕೂ ಅದು ಭಾರ. ಅದಕ್ಕೇ ಡಾಕ್ಟರ ಮುಂದೆ "ಯಾವಾಗಲಾದರೂ ಒಂದು ಸ್ವಲ್ಪ" ಅನ್ನಬೇಡ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಅಂತ ಇದ್ದದ್ದು ಇದ್ದಹಾಗೇ ಹೇಳು. ನಡುಕ ತಡೆಯೋ ಔಷಧಿ ಇದೆ, ಅವರೇ ಬರೆದುಕೊಡ್ತಾರೆ.