ಬಾಕಿ ಮಾರಿದ್ದೋ, ಬಾಕಿಯ ಮೇಲೆ ಸಾಲ ತಂದದ್ದೋ

ಪೀಣ್ಯದ ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುವ ನನ್ನ ಕೆಲಸದಲ್ಲಿ ಫ್ಯಾಕ್ಟರಿಂಗ್ ಖಾತೆ ಕಂಡರೆ ಮೊದಲು ತೆಗೆಯುವುದು ಗಿರಾಕಿಯ ಲೆಡ್ಜರ್. ಫ್ಯಾಕ್ಟರ್ ಕಂಪನಿಯಿಂದ ಬಂದ ಹಣವನ್ನು ಗಿರಾಕಿಯೇ ಕೊಟ್ಟಂತೆ ಅಲ್ಲಿ ಜಮಾ ಮಾಡಿದ್ದಾರೆಯೇ ಎಂದು ನೋಡುತ್ತೇನೆ. ಹೆಚ್ಚಿನ ಕಡೆ ಹಾಗೇ ಮಾಡಿರುತ್ತಾರೆ. ಬ್ಯಾಂಕಿಗೆ 8 ಲಕ್ಷ ಬಂತು, ಇಂಥ ಬಿಲ್ಲಿನ ಮೇಲೆ ಬಂತು, ಆದ್ದರಿಂದ ಆ ಬಿಲ್ಲಿನ ಎದುರಿಗೆ ಹಾಕಿದೆವು ಎನ್ನುವುದು ಅವರ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಬಿಲ್ಲು ಮಾರಾಟವಾಗಿದೆಯೋ ಅಥವಾ ಅದನ್ನು ತೋರಿಸಿ ಸಾಲ ತಂದಿದ್ದಾರೋ ಎನ್ನುವ ಪ್ರಶ್ನೆಗೆ ಆ ಒಂದು ನಮೂದು ಯಾರೂ ಯೋಚಿಸದೆಯೇ ಉತ್ತರ ಕೊಟ್ಟುಬಿಡುತ್ತದೆ.

ಬೆಂಗಳೂರಿಗೆ ಈ ವ್ಯವಹಾರ ಹೊಸದಲ್ಲ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಕಲ್ಯಾಣಸುಂದರಂ ಸಮಿತಿಯ ಶಿಫಾರಸಿನ ನಂತರ, 1991ರಲ್ಲಿ ಕೆನರಾ ಬ್ಯಾಂಕಿನ ಅಂಗಸಂಸ್ಥೆಯಾಗಿ ಕ್ಯಾನ್‌ಬ್ಯಾಂಕ್ ಫ್ಯಾಕ್ಟರ್ಸ್ ಇಲ್ಲಿಯೇ ಶುರುವಾಯಿತು. 2012ರಲ್ಲಿ ಇದಕ್ಕೆಂದೇ ಕೇಂದ್ರದ ಕಾನೂನೂ ಜಾರಿಗೆ ಬಂತು. ಹೀಗಿದ್ದೂ ಸಣ್ಣ ಘಟಕಗಳ ಟ್ಯಾಲಿಯಲ್ಲಿ ಫ್ಯಾಕ್ಟರ್ ಹೆಸರಿನದೊಂದು ಖಾತೆ ಕಾಣುವುದೇ ಅಪರೂಪ.

ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣದ ಮೂಲಕವೇ ಹೇಳುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಪಂಪು ತಯಾರಿಸುವ ದೊಡ್ಡ ಕಂಪನಿಯೊಂದಕ್ಕೆ ಶಾಫ್ಟ್ ಮಾಡಿಕೊಡುವ ಘಟಕ ಅದು. ಜಿಎಸ್‌ಟಿ ಸೇರಿ 10 ಲಕ್ಷದ ಬಿಲ್ಲು. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು ಕಾನೂನಿದ್ದರೂ ಹಣ ಬರುತ್ತಿದ್ದುದು ಮೂರು ತಿಂಗಳಿಗೆ. ಹಾಗಾಗಿ ಮಾಲೀಕರು ಫೆಬ್ರುವರಿ 1ಕ್ಕೆ ಬಿಲ್ಲನ್ನು ಫ್ಯಾಕ್ಟರ್‌ಗೆ ವಹಿಸಿಕೊಟ್ಟರು. ಶೇ 80, ಅಂದರೆ 8 ಲಕ್ಷ ಮುಂಗಡ. ಬಿಲ್ಲಿನ ಮೊತ್ತದ ಮೇಲೆ ಶೇ 1 ಶುಲ್ಕ, ಅಂದರೆ 10,000, ಅದರ ಮೇಲೆ ಜಿಎಸ್‌ಟಿ 1,800. ಮುಂಗಡದ ಮೇಲೆ ತಿಂಗಳಿಗೆ ಶೇ 1 ಬಡ್ಡಿ, ಅಂದರೆ 8,000. ಉಳಿದ 2 ಲಕ್ಷವನ್ನು ಫ್ಯಾಕ್ಟರ್ ಹಿಡಿದಿಟ್ಟುಕೊಂಡು, ಗಿರಾಕಿ ಪೂರ್ತಿ ಹಣ ಕಟ್ಟಿದ ಮೇಲೆ ಬಡ್ಡಿ ಕಳೆದು ಕೊಡಬೇಕು. ಒಪ್ಪಂದ ರಿಕೋರ್ಸ್ ಸಹಿತ. ಗಡುವು ದಾಟಿ ಮೂರು ತಿಂಗಳಾದರೂ ಗಿರಾಕಿ ಹಣ ಕೊಡದಿದ್ದರೆ ಫ್ಯಾಕ್ಟರ್ ಬಿಲ್ಲನ್ನು ವಾಪಸ್ ಕೊಟ್ಟು ತನ್ನ ಮುಂಗಡ ಕೇಳಬಹುದು.

ಇಂಥ ಒಪ್ಪಂದದಲ್ಲಿ ಗಿರಾಕಿ ಕೈಕೊಟ್ಟರೆ ಮುಳುಗುವುದು ಘಟಕವೇ. ಆದ್ದರಿಂದ ಬಿಲ್ಲು ಮಾರಿದಂತಾಗಿಲ್ಲ. ಗಿರಾಕಿಯ ಖಾತೆಯಲ್ಲಿ 10 ಲಕ್ಷದ ಬಾಕಿ ಹಾಗೆಯೇ ಇರಬೇಕು. ಬ್ಯಾಂಕಿಗೆ ಬಂದದ್ದು 7,88,200, ಶುಲ್ಕ 10,000, ಹೂಡುವಳಿ ತೆರಿಗೆಯಾಗಿ ಪಡೆಯಬಹುದಾದ ಜಿಎಸ್‌ಟಿ 1,800. ಈ ಮೂರೂ ಡೆಬಿಟ್. ಎದುರಿಗೆ ಫ್ಯಾಕ್ಟರ್ ಖಾತೆಗೆ ಪೂರ್ತಿ 8 ಲಕ್ಷ ಕ್ರೆಡಿಟ್, ಸಾಲವಾಗಿ. ಕೈಗೆ ಬಂದದ್ದು 7,88,200 ಎಂದು ಸಾಲವನ್ನೂ ಅಷ್ಟೇ ಬರೆಯುವುದನ್ನು ಕಂಡಿದ್ದೇನೆ. ಹಾಗೆ ಬರೆದರೆ ಶುಲ್ಕ ಪುಸ್ತಕಕ್ಕೇ ಬರುವುದಿಲ್ಲ, 1,800 ತೆರಿಗೆಯೂ ಕೈತಪ್ಪುತ್ತದೆ, ತಿಂಗಳ ಕೊನೆಗೆ ಫ್ಯಾಕ್ಟರ್ ಕಳಿಸುವ ಸ್ಟೇಟ್‌ಮೆಂಟಿಗೂ ನಮ್ಮ ಲೆಡ್ಜರಿಗೂ ತಾಳೆ ಬೀಳುವುದಿಲ್ಲ. ಶುಲ್ಕ ಮತ್ತು ಬಡ್ಡಿಯನ್ನು ಬೇರೆ ಬೇರೆ ಖಾತೆಯಲ್ಲಿಡುವುದಕ್ಕೂ ಕಾರಣವಿದೆ. ಶುಲ್ಕಕ್ಕೆ ಜಿಎಸ್‌ಟಿ ಉಂಟು, ಮುಂಗಡದ ಬಡ್ಡಿಗೆ ಇಲ್ಲ.

ಮಾರ್ಚ್ 31ಕ್ಕೆ ಎರಡು ತಿಂಗಳ ಬಡ್ಡಿ 16,000 ಸೇರಿ ಫ್ಯಾಕ್ಟರ್ ಸಾಲ 8,16,000 ಆಗುತ್ತದೆ. ಆಸ್ತಿಯ ಕಡೆ 10 ಲಕ್ಷ ಬಾಕಿ, ಹೊಣೆಯ ಕಡೆ ಅಲ್ಪಾವಧಿ ಸಾಲ 8,16,000. ಏಪ್ರಿಲ್ ತಿಂಗಳ 8,000 ಬಡ್ಡಿ ಮುಂದಿನ ವರ್ಷದ ಖರ್ಚು. ಶುಲ್ಕವೂ ಸಾಲ ತರಲು ಆದ ವೆಚ್ಚವೇ ಆದ್ದರಿಂದ ಮೂರು ತಿಂಗಳಿಗೆ ಹಂಚಿ, ಒಂದು ಪಾಲನ್ನು ಮುಂದಿನ ವರ್ಷಕ್ಕೆ ಒಯ್ಯುವುದು ಸರಿಯಾದ ಕ್ರಮ. ಮೊತ್ತ ಇಷ್ಟು ಚಿಕ್ಕದಿದ್ದಾಗ ಒಂದೇ ಸಲ ಖರ್ಚು ಹಾಕಿದರೆ ನಾನು ತಕರಾರು ಮಾಡುವುದಿಲ್ಲ. ಏಪ್ರಿಲ್ 30ಕ್ಕೆ ಗಿರಾಕಿ ಫ್ಯಾಕ್ಟರ್‌ಗೆ 10 ಲಕ್ಷ ಕಟ್ಟಿದರೆ, ಫ್ಯಾಕ್ಟರ್ 8,24,000 ಹಿಡಿದುಕೊಂಡು 1,76,000 ಕಳಿಸುತ್ತದೆ. ಗಿರಾಕಿಯ ಲೆಡ್ಜರ್ ತೀರುವುದು ಆ ದಿನ, ಅದಕ್ಕೆ ಮೊದಲಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಆ ಘಟಕದ ಮಾಲೀಕರು ಕೇಳಿದ ಪ್ರಶ್ನೆ. "ಸರ್, ಸಾಲ ಅಂತ ತೋರಿಸಿದ್ರೆ ಬ್ಯಾಂಕಿನವರು ಪ್ರಶ್ನೆ ಕೇಳ್ತಾರೆ. ಪಾರ್ಟಿ ಖಾತೆಗೇ ಹಾಕಿದ್ರೆ ಏನು ನಷ್ಟ?" ಎಂದಿದ್ದರು. ಆ ಬ್ಯಾಂಕಿನಲ್ಲಿ ಅವರಿಗೆ ಸಿಸಿ ಖಾತೆ ಇತ್ತು. ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಬರಬೇಕಾದ ಬಾಕಿಗಳನ್ನು ತೋರಿಸಿ ಡ್ರಾಯಿಂಗ್ ಪವರ್ ಪಡೆಯುತ್ತಿದ್ದರು. ಆ ಬಾಕಿಗಳೆಲ್ಲ ಬ್ಯಾಂಕಿಗೆ ಹೈಪಾಥಿಕೇಶನ್ ಆಗಿದ್ದವು. ಅಂದಮೇಲೆ ಫ್ಯಾಕ್ಟರ್‌ಗೆ ವಹಿಸುವ ಮೊದಲೇ ಬ್ಯಾಂಕಿನ ಒಪ್ಪಿಗೆ ಬೇಕು, ವಹಿಸಿದ ಬಿಲ್ಲನ್ನು ಸ್ಟೇಟ್‌ಮೆಂಟಿನಿಂದ ತೆಗೆಯಬೇಕು. ಪುಸ್ತಕದಲ್ಲಿ ಬಾಕಿ ಇರುತ್ತದೆ, ಆದರೆ ಡ್ರಾಯಿಂಗ್ ಪವರ್ ಲೆಕ್ಕಕ್ಕೆ ಬರುವುದಿಲ್ಲ. ಇವೆರಡೂ ಒಟ್ಟಿಗೆ ನಿಜ ಎನ್ನುವುದನ್ನು ಅವರಿಗೆ ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಒಂದೇ ಬಿಲ್ಲಿನ ಮೇಲೆ ಎರಡು ಕಡೆ ಹಣ ಎತ್ತುವುದು ಬರಿಯ ಲೆಕ್ಕದ ತಪ್ಪಲ್ಲ, ಅದು ವಂಚನೆಯ ಆರೋಪದವರೆಗೆ ಹೋಗಬಲ್ಲದು.

ಮರುವರ್ಷ ಅದೇ ಘಟಕಕ್ಕೆ ರಿಕೋರ್ಸ್ ಇಲ್ಲದ ಒಪ್ಪಂದ ಸಿಕ್ಕಿತು. ಶುಲ್ಕ ಶೇ 2. ನಷ್ಟ ಫ್ಯಾಕ್ಟರ್‌ನ ತಲೆಗೆ ಬರುವುದರಿಂದ ದರ ಏರುವುದು ಸಹಜ. ಇದನ್ನು ನಿಜವಾದ ಮಾರಾಟ ಎಂದು ಒಪ್ಪಿಕೊಂಡರೆ ಮೊದಲ ದಿನವೇ ಗಿರಾಕಿಯ ಖಾತೆಗೆ 10 ಲಕ್ಷ ಕ್ರೆಡಿಟ್. ಎದುರಿಗೆ ಹಿಡಿದಿಟ್ಟ 2 ಲಕ್ಷ ಫ್ಯಾಕ್ಟರ್‌ನಿಂದ ಬರಬೇಕಾದ ಆಸ್ತಿ, ಶುಲ್ಕ 20,000, ಅದರ ಜಿಎಸ್‌ಟಿ 3,600, ಮುಂಚೆಯೇ ಕಡಿದುಕೊಂಡ ಮೂರು ತಿಂಗಳ ಬಡ್ಡಿ 24,000, ಮಿಕ್ಕ 7,52,400 ಬ್ಯಾಂಕಿಗೆ. ಸಾಲದ ಖಾತೆಯೇ ಇಲ್ಲ. ಶುಲ್ಕ, ಬಡ್ಡಿ ಎರಡೂ ಸೇರಿ 44,000 ಆ ವರ್ಷದ್ದೇ ಖರ್ಚು. ಆಸ್ತಿ ಮಾರಿದ ಮೇಲೆ ಅದರ ಮೇಲಿನ ನಷ್ಟವನ್ನು ಏಪ್ರಿಲ್‌ಗೆ ತಳ್ಳುವಂತಿಲ್ಲ. ನಗದು ಹರಿವಿನ ಪಟ್ಟಿಯಲ್ಲೂ ಈ ಹಣ ವ್ಯಾಪಾರದ ಕಡೆಗೆ ಸೇರುತ್ತದೆ. ಹಿಂದಿನ ವರ್ಷದ ಮುಂಗಡ ಸಾಲದ ಕಡೆಗೆ ಸೇರಿತ್ತು.

ಮಾಲೀಕರಿಗೆ ಇದು ಬಹಳ ಹಿಡಿಸಿತ್ತು. ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ಕಾಣುವುದಿಲ್ಲವಲ್ಲ! ನಾನು ಮಾತ್ರ ಒಪ್ಪಂದವನ್ನು ಕೊನೆಯ ಪುಟದವರೆಗೆ ಓದದೆ ಒಪ್ಪಲಿಲ್ಲ. ಶೀರ್ಷಿಕೆಯಲ್ಲಿ ರಿಕೋರ್ಸ್ ಇಲ್ಲ ಎಂದಿದ್ದರೂ ಒಳಗಿನ ಷರತ್ತುಗಳು ಬೇರೆ ಕಥೆ ಹೇಳಬಹುದು. ಈ ಒಪ್ಪಂದದಲ್ಲಿ ಫ್ಯಾಕ್ಟರ್ ಹೊರುತ್ತಿದ್ದ ನಷ್ಟ ತನ್ನ ಮುಂಗಡದ್ದು ಮಾತ್ರ. ಗಿರಾಕಿಗಳಿಂದ ಬಾರದೆ ಹೋದ ಹಣವನ್ನು ಮೊದಲು ಹಿಡಿದಿಟ್ಟ ಶೇ 20ರಲ್ಲಿ ಮುರಿದುಕೊಳ್ಳಬೇಕು, ಅದು ಮುಗಿದ ಮೇಲಷ್ಟೇ ಫ್ಯಾಕ್ಟರ್‌ನ ಸರದಿ. ಅದೂ ಒಂದೊಂದು ಬಿಲ್ಲಿಗೆ ಪ್ರತ್ಯೇಕವಾಗಿ ಅಲ್ಲ, ವಹಿಸಿದ ಎಲ್ಲ ಬಿಲ್ಲುಗಳಿಗೆ ಒಟ್ಟಾಗಿ.

ಇದರ ಅರ್ಥವನ್ನು ಹೀಗೆ ನೋಡಬಹುದು. ಒಂದು ಕೋಟಿಯ ಬಿಲ್ಲುಗಳನ್ನು ವಹಿಸಿದರೆ ಹಿಡಿದಿಟ್ಟದ್ದು 20 ಲಕ್ಷ. ಆ ಘಟಕದ ಹಳೆಯ ಪುಸ್ತಕ ತಿರುವಿದರೆ, ಕೋಟಿಗೆ ಒಂದೆರಡು ಲಕ್ಷ ಮೀರಿ ಬಾಕಿ ಮುಳುಗಿದ ವರ್ಷವೇ ಇಲ್ಲ. ಅಂದರೆ ಮಾಮೂಲಾಗಿ ಆಗಬಹುದಾದ ನಷ್ಟವೆಲ್ಲ ಆ 20 ಲಕ್ಷದೊಳಗೇ ಮುಗಿಯುತ್ತದೆ, ಅಂದರೆ ಘಟಕದ ಮೇಲೆಯೇ ಬೀಳುತ್ತದೆ. ಫ್ಯಾಕ್ಟರ್ ಹೊತ್ತದ್ದು ಬಹುಪಾಲು ಗಿರಾಕಿಗಳು ಒಟ್ಟಿಗೆ ಕುಸಿಯುವ ದೂರದ ಅಪಾಯವನ್ನು ಮಾತ್ರ. ಇಂಡ್ ಎಎಸ್ 109 ಅನ್ವಯವಾಗುವ ಕಂಪನಿಯಾದರೆ ಇಲ್ಲಿ ಬಾಕಿಯನ್ನು ಪುಸ್ತಕದಿಂದ ತೆಗೆಯುವಂತಿಲ್ಲ. ಅಪಾಯ ಮತ್ತು ಪ್ರತಿಫಲ ಬಹುಮಟ್ಟಿಗೆ ಯಾರ ಬಳಿ ಉಳಿದಿವೆ ಎಂದೇ ಆ ಮಾನದಂಡ ಕೇಳುವುದು. ಈ ಘಟಕಕ್ಕೆ ಹಳೆಯ ಎಎಸ್ ಮಾನದಂಡಗಳೇ ಸಾಕಿದ್ದವು. ಆದರೆ ಕಾಗದದ ರೂಪಕ್ಕಿಂತ ವ್ಯವಹಾರದ ಸತ್ವ ನೋಡಿ ಎಂದು ಎಎಸ್ 1 ಕೂಡ ಹೇಳುತ್ತದೆ. ನಾವು ಅದನ್ನು ಸಾಲವೆಂದೇ ಬರೆದೆವು. ಮಾಲೀಕರಿಗೆ ಬೇಸರವಾಯಿತು, ನನಗೆ ಅದು ಅರ್ಥವಾಗುತ್ತದೆ. ಶೇ 2 ಕೊಟ್ಟು ಕೊಂಡದ್ದು ಶೇ 1ರ ಸರಕಿನಂತೆಯೇ ಇದ್ದರೆ ಯಾರಿಗಾದರೂ ಬೇಸರವೇ. ಆ ಬೇಸರ ಉಪಯೋಗಕ್ಕೂ ಬಂತು. ಮುಂದಿನ ನವೀಕರಣದಲ್ಲಿ ಅವರು ಷರತ್ತು ಬದಲಿಸಿ, ಒಪ್ಪಿತ ಮಿತಿಯೊಳಗಿನ ಇಡೀ ಬಿಲ್ಲಿಗೆ ರಕ್ಷಣೆ ಬರೆಸಿಕೊಂಡರು.

ನಾನು ಹುಡುಕುವ ಇನ್ನೊಂದು ಷರತ್ತು ಬಡ್ಡಿಯ ಗಡಿಯದು. ಗಿರಾಕಿ ಹಣ ಕಟ್ಟುವವರೆಗೂ ಬಡ್ಡಿ ಓಡುತ್ತಲೇ ಇದ್ದರೆ, ತಡವಾಗುವ ಅಪಾಯ ಮಾರಿದವರ ಬಳಿಯೇ ಉಳಿಯಿತು. ನಮ್ಮ ದೊಡ್ಡ ಗಿರಾಕಿಗಳ ವಿಷಯದಲ್ಲಿ ದಿವಾಳಿಗಿಂತ ವಿಳಂಬವೇ ನಿಜವಾದ ಅಪಾಯ. ಬಡ್ಡಿಯನ್ನು ಮೊದಲೇ ಕಡಿದುಕೊಂಡು ಅಲ್ಲಿಗೆ ಲೆಕ್ಕ ಮುಗಿಸುವ ಒಪ್ಪಂದವಾದರೆ ಮಾರಾಟವೆನ್ನಲು ಹೆಚ್ಚು ಆಧಾರ ಸಿಗುತ್ತದೆ.

ಷರತ್ತು ಎಷ್ಟೇ ಚೆನ್ನಾಗಿದ್ದರೂ ರಿಕೋರ್ಸ್ ಇಲ್ಲ ಎಂಬ ಮಾತು ಸರಕಿನ ತಕರಾರಿಗೆ ಅನ್ವಯಿಸುವುದಿಲ್ಲ. ಹೊಸ ಷರತ್ತಿನಡಿ ವಹಿಸಿದ ಇಂಥದೇ 10 ಲಕ್ಷದ ಬಿಲ್ಲೊಂದರಲ್ಲಿ ಕೆಲವು ಶಾಫ್ಟ್‌ಗಳ ಅಳತೆ ಸರಿಯಿಲ್ಲವೆಂದು ಗಿರಾಕಿ 60,000ದ ಡೆಬಿಟ್ ನೋಟ್ ಕಳಿಸಿತು. ಫ್ಯಾಕ್ಟರ್ ಹಿಡಿದಿಟ್ಟ 2 ಲಕ್ಷದಲ್ಲಿ ಅದನ್ನು ಮುರಿದು 1,40,000 ಕೊಟ್ಟಿತು. ಮಾಲೀಕರು ಒಪ್ಪಂದ ಮುರಿದರೆಂದು ಸಿಟ್ಟಾದರು. ಮುರಿದಿರಲಿಲ್ಲ. ಫ್ಯಾಕ್ಟರ್ ಹೊರುವುದು ಗಿರಾಕಿಗೆ ಕೊಡಲಾಗದ ಸ್ಥಿತಿ ಬರುವ ಅಪಾಯ. ಕೊಡಬೇಕಾಗಿಯೇ ಇಲ್ಲ ಎನ್ನುವ ಮೊತ್ತ ಯಾವಾಗಲೂ ಸರಕು ಮಾಡಿದವರದ್ದು. ಆದ್ದರಿಂದ ವರ್ಷದ ಕೊನೆಗೆ ಹಿಡಿದಿಟ್ಟ ಮೊತ್ತವನ್ನು ಪೂರ್ತಿ ಆಸ್ತಿಯೆಂದು ಬಿಡದೆ, ಹಿಂದಿನ ರಿಜೆಕ್ಷನ್ ಪ್ರಮಾಣ ನೋಡಿ ಅಷ್ಟನ್ನು ಮಾರಾಟದಿಂದ ಕಳೆದಿಡುತ್ತೇನೆ.

ಈ ಜಗಳ ಕಡಿಮೆಯಾಗುವುದು ಟ್ರೆಡ್ಸ್ ವೇದಿಕೆಗಳಲ್ಲಿ. ರಿಸರ್ವ್ ಬ್ಯಾಂಕ್ 2014ರಲ್ಲಿ ಮಾರ್ಗಸೂಚಿ ಹೊರಡಿಸಿದ ಈ ವ್ಯವಸ್ಥೆಯಲ್ಲಿ ಸಣ್ಣ ಉದ್ದಿಮೆಯ ಮೇಲೆ ರಿಕೋರ್ಸ್ ಇರುವಂತಿಲ್ಲ. ಬಿಲ್ಲನ್ನು ಗಿರಾಕಿ ಮೊದಲು ಒಪ್ಪಿದ ಮೇಲಷ್ಟೇ ಹಣ ಕೊಡುವವರು ದರ ಕೂಗುತ್ತಾರೆ. ಅಲ್ಲಿ ಬಂದ ಹಣವನ್ನು ಗಿರಾಕಿಯ ಖಾತೆಗೇ ಜಮಾ ಮಾಡಿ, ಡಿಸ್ಕೌಂಟನ್ನು ಖರ್ಚು ಬರೆದರೆ ನಾನು ಪ್ರಶ್ನೆ ಕೇಳುವುದಿಲ್ಲ. ಆ ಘಟಕ ಈಗ ಪಂಪು ಕಂಪನಿಯ ಬಿಲ್ಲುಗಳನ್ನು ಅಲ್ಲಿಗೇ ಹಾಕುತ್ತದೆ. ವೇದಿಕೆಗೆ ಬಾರದ ಚಿಕ್ಕ ಗಿರಾಕಿಗಳ ಬಿಲ್ಲುಗಳು ಇನ್ನೂ ರಿಕೋರ್ಸ್ ಒಪ್ಪಂದದಲ್ಲಿಯೇ ಹೋಗುತ್ತವೆ. ಟ್ಯಾಲಿಯಲ್ಲಿ ಫ್ಯಾಕ್ಟರ್ ಸಾಲದ ಖಾತೆ ಬೇರೆ, ಹಿಡಿದಿಟ್ಟ ಮೊತ್ತದ ಖಾತೆ ಬೇರೆ ಇದೆ. ಮಾರ್ಚ್ ಕೊನೆಗೆ ಎರಡಕ್ಕೂ ಫ್ಯಾಕ್ಟರ್‌ನಿಂದ ಬಾಕಿ ದೃಢೀಕರಣ ಪತ್ರ ತರಿಸುತ್ತೇವೆ.