ಹಲ್ಮಿಡಿ ಶಾಸನದ ಒಂದು ವಾಕ್ಯ: ಬದಲಾದುದು, ಉಳಿದುದು

ಶಾಸನದ ಪಾಠವನ್ನು ಇಂದಿನ ಲಿಪಿಯಲ್ಲಿ ಅಚ್ಚು ಮಾಡಿ ಕೊಟ್ಟರೂ ಅದು ಓದುಗನಿಗೆ ಅಪರಿಚಿತವಾಗಿಯೇ ತೋರುತ್ತದೆ. ಆದ್ದರಿಂದ ತೊಡಕು ಲಿಪಿಯಲ್ಲಿ ಮಾತ್ರವಿಲ್ಲ. ಭಾಷೆಯ ಧ್ವನಿಗಳಲ್ಲಿಯೂ ಇದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರ ಕದಂಬರ ಕಾಲದ ಶಾಸನದ ಒಂದು ವಾಕ್ಯಭಾಗದಿಂದ ಇದನ್ನು ಪರಿಶೀಲಿಸಬಹುದು: ‘ಬಾಳ್ಗೞ್ಚು ಪಲ್ಮಡಿಉಂ ಮೂೞಿವಳ್ಳಿಉಂ ಕೊಟ್ಟಾರ್’. ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜಅರಸನಿಗೆ ಎರಡು ಊರುಗಳನ್ನು ದಾನವಾಗಿ ಕೊಟ್ಟರೆಂಬುದು ಇದರ ಅರ್ಥ.

ಕೊನೆಯ ಪದದಿಂದ ಆರಂಭಿಸುವುದು ಸುಲಭ. ‘ಕೊಟ್ಟಾರ್’ ಎಂಬುದು ಇಂದಿನ ‘ಕೊಟ್ಟರು’. ಪ್ರತ್ಯಯದ ದೀರ್ಘಸ್ವರ ಪೂರ್ವದ ಹಳಗನ್ನಡದ ಲಕ್ಷಣ. ಹಳಗನ್ನಡದಲ್ಲಿ ಅದು ಹ್ರಸ್ವವಾಗಿ ‘ಕೊಟ್ಟರ್’ ಎಂದಾಯಿತು. ಮುಂದೆ ವ್ಯಂಜನಾಂತ ಪದಗಳು ಉಕಾರವನ್ನು ಪಡೆದಾಗ ‘ಕೊಟ್ಟರು’ ಎಂಬ ರೂಪ ನೆಲೆಗೊಂಡಿತು. ಧಾತುವಾಗಲಿ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುವ ಕ್ರಮವಾಗಲಿ ಬದಲಾಗಿಲ್ಲ. ಸಮುಚ್ಚಯದ ‘ಉಂ’ ಕೂಡ ಬಿಂದುವನ್ನು ಕಳೆದುಕೊಂಡು ‘ಹಲ್ಮಿಡಿಯೂ ಮೂಳಿವಳ್ಳಿಯೂ’ ಎಂಬಲ್ಲಿ ಉಳಿದಿದೆ.

‘ಪಲ್ಮಡಿ’ ಎಂಬುದೇ ಇಂದಿನ ಹಲ್ಮಿಡಿ. ಪದದ ಮೊದಲಲ್ಲಿದ್ದ ಪಕಾರ ಹತ್ತನೆಯ ಶತಮಾನದಿಂದೀಚೆಗೆ ಕ್ರಮೇಣ ಹಕಾರವಾಯಿತು: ಪಾಲ್–ಹಾಲು, ಪಳ್ಳಿ–ಹಳ್ಳಿ. ಆದರೆ ‘ಮೂೞಿವಳ್ಳಿ’ಯಲ್ಲಿ ‘ಪಳ್ಳಿ’ ಉತ್ತರಪದವಾದುದರಿಂದ ಪಕಾರಕ್ಕೆ ವಕಾರ ಆದೇಶವಾಗಿ ಬಂದಿದೆ. ಸಮಾಸದೊಳಗೆ ಸೇರಿದ ಈ ವಕಾರ ಮುಂದೆ ಹಕಾರವಾಗಲಿಲ್ಲ. ಇಂದಿಗೂ ಮಳವಳ್ಳಿಯಂತಹ ಊರ ಹೆಸರುಗಳಲ್ಲಿ ಅದು ಕೇಳಿಸುತ್ತದೆ.

ಓದುಗ ಎಡವುವುದು ‘ಬಾಳ್ಗೞ್ಚು’ ಎಂಬಲ್ಲಿ. ಪರಿಚಿತವೆಂದು ತೋರುವ ‘ಬಾಳ್’ ಅನ್ನು ಅವನು ಜೀವನವೆಂದು ತಿಳಿಯುತ್ತಾನೆ. ಆದರೆ ಬದುಕುವುದೆಂಬ ಅರ್ಥದ ಹಳೆಯ ಪದ ರಳವುಳ್ಳ ‘ಬಾೞ್’. ಇಲ್ಲಿರುವುದು ಕತ್ತಿ ಎಂಬ ಅರ್ಥದ, ಳಕಾರಾಂತ ‘ಬಾಳ್’. ‘ಕೞ್ಚು’ ಎಂದರೆ ತೊಳೆ. ಕತ್ತಿಯನ್ನು ತೊಳೆದು ವೀರನಿಗೆ ಕೊಡುವ ದಾನವೇ ಬಾಳ್ಗೞ್ಚು. ಮುಂದೆ ರಳವು ಸಾಮಾನ್ಯವಾಗಿ ಳಕಾರದಲ್ಲಿ ಲೀನವಾಗಿ, ವ್ಯಂಜನದ ಹಿಂದೆ ರೇಫವಾಯಿತು. ಎರಡು ‘ಬಾಳು’ಗಳ ಭೇದವೂ ಅಳಿಯಿತು. ತಮಿಳಿನಲ್ಲಿ ‘ವಾಳ್’ ಎಂದರೆ ಕತ್ತಿ, ‘ವಾೞ್’ ಎಂದರೆ ಬಾಳು. ಬರಹದಲ್ಲಿ ಈ ಭೇದ ಇಂದಿಗೂ ಉಳಿದಿದೆ. ಆದ್ದರಿಂದ ಚೆನ್ನೈಯ ಕನ್ನಡ ವಿದ್ಯಾರ್ಥಿಗೆ ನೆರೆಭಾಷೆಯ ಪರಿಚಯ ಇಲ್ಲಿ ನೆರವಾಗುತ್ತದೆ.

ಶಾಸನದ ಓದಿನಲ್ಲಿ ಅಪರಿಚಿತ ಪದಕ್ಕಿಂತ ಪರಿಚಿತವೆನಿಸುವ ಪದವೇ ಹೆಚ್ಚು ತಪ್ಪುದಾರಿಗೆ ಎಳೆಯುತ್ತದೆ. ಅಪರಿಚಿತ ಪದ ಓದುಗನನ್ನು ನಿಘಂಟಿನತ್ತ ಕಳುಹಿಸುತ್ತದೆ. ಪರಿಚಿತವೆನಿಸುವ ಪದ ಅವನನ್ನು ತಡೆಯುವುದೇ ಇಲ್ಲ. ‘ಬಾಳ್ಗೞ್ಚು’ವಿನಲ್ಲಿ ರಳವನ್ನೂ ಳಕಾರವನ್ನೂ ಬೇರೆ ಬೇರೆಯಾಗಿ ಗುರುತಿಸಿದವನಿಗೆ ಮಾತ್ರ ವಿಜಅರಸನ ಕತ್ತಿ ಕಾಣುತ್ತದೆ.